ಬೋರ್‌ವೆಲ್ ಸ್ಟಾರ್ಟರ್ ಕೊಳ್ಳುವ ಮುಂಚೆ: ಡಬ್ಬ ಏನನ್ನು ನೋಡುತ್ತದೆ?

ಹೋದ ಬೇಸಿಗೆಯಲ್ಲಿ ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಹುಡುಗನೊಬ್ಬ ನನ್ನ ಅಂಗಡಿಗೆ ಗೋಣಿಚೀಲ ಹೊತ್ತುಕೊಂಡು ಬಂದ. ಚೀಲದಲ್ಲಿ ಸ್ಟಾರ್ಟರ್ ಡಬ್ಬ. ಒಳಗೆ ಹಲ್ಲಿ ಸತ್ತು ಒಣಗಿತ್ತು, ಅದು ಬೇರೆ ಮಾತು. "ಅಣ್ಣಾ, ಎರಡು ವರ್ಷದಲ್ಲಿ ಎರಡು ಸಲ ಮೋಟಾರ್ ಹೋಯ್ತು. ಮೊದಲ ಸಲ ಎರಡು ಫೇಸಲ್ಲಿ ಓಡಿ ಸುಟ್ಟಿತು, ಎರಡನೇ ಸಲ ನೀರಿಲ್ಲದೆ ಓಡಿತು. ಎರಡು ಸಲವೂ ಮೋಟಾರ್ ಕಾಯುವ ಪ್ರಿವೆಂಟರ್ ಇತ್ತು. ಈಗ ಅಪ್ಪ ಯಾವುದಾದ್ರೂ ಗಟ್ಟಿ ಕಂಪನಿ ಡಬ್ಬ ತಗೊಂಡು ಬಾ ಅಂದಿದ್ದಾರೆ, ಯಾವುದು ತಗೊಳ್ಳಲಿ?"

ಕಂಪನಿ ಹೆಸರು ನಾನು ಹೇಳಲಿಲ್ಲ. ಒಂದೇ ಕಂಪನಿ ನಾಲ್ಕು ಥರದ ಡಬ್ಬ ಮಾಡುತ್ತದೆ, ನಾಲ್ಕರ ಮೇಲೂ 'ಫೇಸ್ ಫೇಲ್ಯೂರ್, ಡ್ರೈ ರನ್ ಪ್ರೊಟೆಕ್ಷನ್' ಅಂತಲೇ ಬರೆದಿರುತ್ತದೆ. ಕೇಳಬೇಕಾದ್ದು ಬೇರೆ. ಈ ಡಬ್ಬ ಏನನ್ನು ನೋಡಿ ತೀರ್ಮಾನ ಮಾಡುತ್ತದೆ? ವೋಲ್ಟೇಜಾ, ಆಂಪ್ಸಾ, ವ್ಯಾಟ್ಸಾ, ಇಲ್ಲ ನೀರಲ್ಲಿ ಇಳಿಬಿಟ್ಟ ವೈರಾ? ಅವನಿಗೆ ಅವತ್ತು ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬರೀ ಡಬ್ಬ

7.5 ಎಚ್‌ಪಿ ತನಕ ನಮ್ಮ ಕಡೆ ಸಾಮಾನ್ಯವಾಗಿ ಮೋಟಾರನ್ನು ನೇರ ಲೈನಿಗೆ ಕೂಡಿಸುವ ಡಿಓಎಲ್ ಸ್ಟಾರ್ಟರ್ರೇ ಇರುತ್ತದೆ. ಹಸಿರು ಬಟನ್ ಒತ್ತಿದರೆ ಕಾಯಿಲ್‌ಗೆ ಕರೆಂಟ್ ಹೋಗುತ್ತದೆ, ಕಾಯಿಲ್ ಪಟ್ ಅಂತ ಕಾಂಟ್ಯಾಕ್ಟರನ್ನು ಎಳೆದುಕೊಳ್ಳುತ್ತದೆ, ಮೂರು ಫೇಸ್ ಮೋಟಾರಿಗೆ ಸೇರುತ್ತವೆ. ಅದರ ಜೊತೆಗೇ ಪಕ್ಕದ ಒಂದು ಚಿಕ್ಕ ಕಾಂಟ್ಯಾಕ್ಟ್ ಕೂಡಿಕೊಳ್ಳುತ್ತದೆ. ಬಟನ್‌ನಿಂದ ಬೆರಳು ತೆಗೆದರೂ ಕಾಯಿಲ್ ಹಿಡಿದುಕೊಂಡೇ ಇರುವುದು ಅದರಿಂದ, ಅದಕ್ಕೇ ಹೋಲ್ಡಿಂಗ್ ಅನ್ನುತ್ತೇವೆ. ಕೆಂಪು ಬಟನ್ ಒತ್ತಿದರೆ ಕಾಯಿಲ್‌ನ ದಾರಿ ಕಡಿಯುತ್ತದೆ, ಮೋಟಾರ್ ನಿಲ್ಲುತ್ತದೆ. ಕರೆಂಟ್ ಹೋದರೂ ಅಷ್ಟೇ.

ಇಲ್ಲಿ ಒಂದು ವಿಷಯ ತಲೆಯಲ್ಲಿಟ್ಟುಕೋ. ಪ್ರಿವೆಂಟರ್ ಆಗಲಿ, ಡ್ರೈ ರನ್ ಗಾರ್ಡ್ ಆಗಲಿ, ಮೊಬೈಲ್ ಸ್ಟಾರ್ಟರ್ ಆಗಲಿ, ಎಲ್ಲವೂ ಕೊನೆಗೆ ಮಾಡುವುದು ಒಂದೇ ಕೆಲಸ. ಆ ಕಾಯಿಲ್‌ನ ದಾರಿಯಲ್ಲಿ ಸೀರೀಸ್ ಆಗಿ ಕೂತು, ಬೇಡ ಅನ್ನಿಸಿದಾಗ ಕಡಿಯುವುದು. ಹಾಗಾಗಿ ಹಳೇ ಡಿಓಎಲ್ ಚೆನ್ನಾಗಿದ್ದರೆ ಅದನ್ನು ಎಸೆಯಬೇಕಿಲ್ಲ, ಗಾರ್ಡ್ ಮಾತ್ರ ಬೇರೆ ತಂದು ಸೇರಿಸಬಹುದು. ಕಾಂಟ್ಯಾಕ್ಟರಿನ ಪಾಯಿಂಟ್ ಕಪ್ಪಾಗಿ ಗುಳಿ ಬಿದ್ದಿದ್ದರೆ ಮಾತ್ರ ಅದನ್ನು ಬದಲಾಯಿಸು, ಯಾಕೆಂದರೆ ಒಂದು ಪಾಯಿಂಟ್ ಸರಿಯಾಗಿ ಕೂರದಿದ್ದರೆ ಟಿಸಿಯಿಂದ, ಅಂದರೆ ಲೈನಿನ ಟ್ರಾನ್ಸ್‌ಫಾರ್ಮರ್‌ನಿಂದ, ಮೂರು ಫೇಸ್ ಬಂದರೂ ಮೋಟಾರಿಗೆ ಎರಡೇ ಹೋಗುತ್ತವೆ. ಅಂದರೆ ಫೇಸ್ ಫೇಲ್ಯೂರ್ ನಿನ್ನ ಡಬ್ಬದೊಳಗೇ ಆಯಿತು ಅಂತ ಲೆಕ್ಕ.

ಇನ್ನು ಓವರ್‌ಲೋಡ್ ರಿಲೇ. ಅದರಲ್ಲಿರುವುದು ಎರಡು ಲೋಹ ಬೆಸೆದ ಪಟ್ಟಿ, ಜಾಸ್ತಿ ಆಂಪ್ಸ್ ಹರಿದರೆ ಬಿಸಿಯಾಗಿ ಬಗ್ಗಿ ಟ್ರಿಪ್ ಮಾಡುತ್ತದೆ. ಮೋಟಾರ್ 13 ಆಂಪ್ಸ್ ಎಳೆಯುವುದಾದರೆ 13ಕ್ಕೆ ಇಡಬೇಕು. ಆದರೆ ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ಪದೇ ಪದೇ ಟ್ರಿಪ್ ಆಗುತ್ತದೆ ಅಂತ ಯಾರೋ ಒಬ್ಬರು ತಿರುಪು ತಿರುಗಿಸಿ 18ಕ್ಕೆ ಇಟ್ಟಿರುತ್ತಾರೆ. ಈ ಹುಡುಗನ ಡಬ್ಬದಲ್ಲೂ ಹಾಗೇ ಇತ್ತು. ಅವನ ಮೊದಲ ಮೋಟಾರ್ ಸುಡಲು ಅರ್ಧ ಕಾರಣ ಅಲ್ಲೇ ಇದೆ.

ಫೇಸ್ ಹೋದಾಗ: ತಿರುಗುವ ಮೋಟಾರ್ ಸುಳ್ಳು ಹೇಳುತ್ತದೆ

ಆರ್, ವೈ, ಬಿ ಮೂರೂ ಫೇಸ್ ಇದ್ದು ಮೋಟಾರ್ ಓಡುತ್ತಿದೆ ಅಂದುಕೋ. ಟಿಸಿ ಹತ್ತಿರ ಬಿ ಫೇಸಿನ ಫ್ಯೂಸ್ ಹೋಯಿತು. ಕಾಯಿಲ್ ಇರುವುದು ಆರ್ ಮತ್ತು ವೈ ನಡುವೆ. ಅದಕ್ಕೆ ಏನೂ ಗೊತ್ತಾಗುವುದಿಲ್ಲ, ಹಿಡಿದುಕೊಂಡೇ ಇರುತ್ತದೆ. ಮೋಟಾರ್ ಕೂಡ ನಿಲ್ಲುವುದಿಲ್ಲ, ಸದ್ದು ಬದಲಾಗುತ್ತದೆ ಅಷ್ಟೇ. ಬೋರ್‌ವೆಲ್ ಮೋಟಾರ್ ಆಳದಲ್ಲಿರುವುದರಿಂದ ಆ ಸದ್ದೂ ಮೇಲಕ್ಕೆ ಕೇಳುವುದಿಲ್ಲ. ಮೂರು ವೈರಲ್ಲಿ ಹಂಚಿಕೊಂಡು ಬರುತ್ತಿದ್ದ ಕೆಲಸ ಈಗ ಎರಡರಲ್ಲೇ ಬರಬೇಕು. 13 ಆಂಪ್ಸ್ ಇದ್ದದ್ದು ಸುಮಾರು 1.73 ಪಟ್ಟು ಆಗಿ 22ರ ಹತ್ತಿರ ಹೋಗುತ್ತದೆ. 13ಕ್ಕೆ ಇಟ್ಟ ಓವರ್‌ಲೋಡ್ ಒಂದೆರಡು ನಿಮಿಷದಲ್ಲಿ ಹಿಡಿಯುತ್ತದೆ. 18ಕ್ಕೆ ಇಟ್ಟರೆ ಅದಕ್ಕೆ 22 ಅನ್ನುವುದು ಸ್ವಲ್ಪ ಜಾಸ್ತಿ ಅಷ್ಟೇ, ಆರಾಮಾಗಿ ಯೋಚನೆ ಮಾಡುತ್ತಾ ಕೂರುತ್ತದೆ, ಅಷ್ಟರಲ್ಲಿ ಕೆಳಗೆ ವೈಂಡಿಂಗ್ ಕರಗಿರುತ್ತದೆ.

ಸರಿ, ಅದಕ್ಕೇ ಅಲ್ವಾ ಪ್ರಿವೆಂಟರ್ ಇರೋದು ಅನ್ನುತ್ತೀಯ. ಕಡಿಮೆ ಬೆಲೆಯ ಪ್ರಿವೆಂಟರ್ ನೋಡುವುದು ವೋಲ್ಟೇಜ್ ಒಂದನ್ನೇ. ಮೂರು ಫೇಸಿನಿಂದ ಮೂರು ಸಣ್ಣ ವೈರ್ ಅದಕ್ಕೆ ಹೋಗುತ್ತವೆ, ಯಾವುದಾದರೂ ಒಂದರಲ್ಲಿ ವೋಲ್ಟೇಜ್ ಇಲ್ಲದಿದ್ದರೆ ಕಡಿಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ ತಿರುಗುತ್ತಿರುವ ಮೋಟಾರ್ ತಾನೂ ಒಂದು ಚಿಕ್ಕ ಜನರೇಟರ್ ಥರ. ಬಿ ಫೇಸ್ ಹೋದ ಮೇಲೂ ಮೋಟಾರಿನ ಬಿ ವೈಂಡಿಂಗ್‌ನಲ್ಲಿ ವೋಲ್ಟೇಜ್ ಹುಟ್ಟುತ್ತಲೇ ಇರುತ್ತದೆ, ಕಾಂಟ್ಯಾಕ್ಟರ್ ಕೂಡಿಕೊಂಡಿರುವುದರಿಂದ ಅದು ಹಿಂದಕ್ಕೆ ಬಂದು ಪ್ರಿವೆಂಟರಿನ ಬಿ ವೈರಿಗೂ ಸಿಗುತ್ತದೆ. ಮೀಟರ್ ಹಿಡಿದರೆ ಸೊನ್ನೆ ತೋರಿಸುವುದಿಲ್ಲ, ಸರಿಯಾದ ವೋಲ್ಟೇಜಿನ 80–90 ಪರ್ಸೆಂಟ್ ತೋರಿಸಬಹುದು. ಲೋಡ್ ಕಡಿಮೆ ಇದ್ದಷ್ಟೂ ಪೂರ್ತಿಗೆ ಹತ್ತಿರ. ನಮ್ಮ ಹಳ್ಳಿ ಲೈನಲ್ಲಿ ಒಳ್ಳೇ ದಿನದಲ್ಲೇ ಅಷ್ಟು ಏರುಪೇರು ಇರುತ್ತದೆ, ಪಾಪ ಪ್ರಿವೆಂಟರ್ ಹೇಗೆ ಗುರುತು ಹಿಡಿಯಬೇಕು? 'ಪ್ರಿವೆಂಟರ್ ಇತ್ತು, ಆದರೂ ಸುಟ್ಟಿತು' ಅನ್ನುವ ಕಥೆಗಳಲ್ಲಿ ಬಹಳಷ್ಟು ಇದೇ.

ಆಂಪ್ಸ್ ನೋಡುವ ಡಬ್ಬ ಇಲ್ಲಿ ಮೋಸ ಹೋಗುವುದಿಲ್ಲ. ಬಿ ವೈರ್ ಕಡಿದಿದ್ದರೆ ಅದರಲ್ಲಿ ಆಂಪ್ಸ್ ಹರಿಯುವ ಮಾತೇ ಇಲ್ಲ. ಒಂದೆರಡು ಸೆಕೆಂಡಲ್ಲಿ ಕಡಿದುಬಿಡುತ್ತದೆ. ಕಾಂಟ್ಯಾಕ್ಟರಿನ ಪಾಯಿಂಟ್ ಕೆಟ್ಟು ಫೇಸ್ ಹೋಗಿದ್ದರೂ, ಕೇಬಲ್ ಜಾಯಿಂಟ್ ಬಿಟ್ಟಿದ್ದರೂ ಇದಕ್ಕೆ ಗೊತ್ತಾಗುತ್ತದೆ. ಲೈನ್ ಕಡೆ ವೋಲ್ಟೇಜ್ ನೋಡುವುದಕ್ಕೆ ಅದು ಯಾವತ್ತೂ ಗೊತ್ತಾಗುವುದಿಲ್ಲ.

ಹಾಗಂತ ಆಂಪ್ಸ್ ಒಂದೇ ಸಾಕಾ ಅಂದರೆ ಅದೂ ಇಲ್ಲ. ಆಂಪ್ಸ್ ನೋಡಬೇಕಾದರೆ ಮೋಟಾರ್ ಆನ್ ಆಗಿರಬೇಕು. ಕರೆಂಟ್ ಬಂದಾಗ ತಾನೇ ಸ್ಟಾರ್ಟ್ ಮಾಡುವ ಆಟೋ ಸ್ವಿಚ್ ಹಾಕಿಟ್ಟು ಮನೆಯಲ್ಲಿ ಮಲಗಿರುತ್ತೀರಿ, ರಾತ್ರಿ 2 ಗಂಟೆಗೆ ಎರಡೇ ಫೇಸ್ ಬರುತ್ತದೆ, ಆಟೋ ಎಳೆದುಬಿಡುತ್ತದೆ. ನಿಂತ ಮೋಟಾರ್ ಎರಡು ಫೇಸಲ್ಲಿ ತಿರುಗಲಾರದು, ಗುಂಯ್ ಅಂತ ನಿಂತಲ್ಲೇ 60 ಆಂಪ್ಸ್ ಮೇಲೆ ಎಳೆಯುತ್ತದೆ. ಆಂಪ್ಸ್ ಡಬ್ಬ ಅದನ್ನು ಹಿಡಿಯುತ್ತದೆ, ಆದರೆ ಪ್ರತಿ ಸಲ ಆಟೋ ಎಳೆದಾಗಲೂ ವೈಂಡಿಂಗ್ ಮೇಲೆ ಒಂದು ಏಟು. ಇಲ್ಲಿ ವೋಲ್ಟೇಜ್ ನೋಡುವುದೇ ಸರಿ. ಯಾಕೆ ಹೇಳು? ಮೋಟಾರ್ ನಿಂತಿದೆ, ಏನನ್ನೂ ಹುಟ್ಟಿಸುತ್ತಿಲ್ಲ, ಲೈನಲ್ಲಿ ಇರುವುದೇ ಮೀಟರಿಗೂ ಕಾಣುತ್ತದೆ. ಹೋದ ಫೇಸ್ ಹೋದ ಹಾಗೇ ತೋರಿಸುತ್ತದೆ. ಸ್ಟಾರ್ಟ್ ಆಗುವ ಮುಂಚೆ ವೋಲ್ಟೇಜ್, ಸ್ಟಾರ್ಟ್ ಆದ ಮೇಲೆ ಆಂಪ್ಸ್. ಎರಡೂ ನೋಡುವ ಡಬ್ಬವನ್ನೇ ತಗೋ. ಅಂಗಡಿಯಲ್ಲಿ ಗುರುತು ಹಿಡಿಯುವುದು ಸುಲಭ: ಮುಚ್ಚಳ ತೆಗೆಸಿ ನೋಡು, ಮೋಟಾರಿಗೆ ಹೋಗುವ ದಪ್ಪ ವೈರ್ ಒಂದು ಕಪ್ಪು ಬಳೆಯಂಥದ್ದರೊಳಗೆ ತೂರಿದೆಯಾ? ಅದೇ ಸಿಟಿ, ಕರೆಂಟ್ ಟ್ರಾನ್ಸ್‌ಫಾರ್ಮರ್. ಬಳೆ ಇಲ್ಲ ಅಂದರೆ ಆ ಡಬ್ಬ ಆಂಪ್ಸ್ ನೋಡುತ್ತಿಲ್ಲ. ಬಳೆ ಒಂದೇ ಇದ್ದರೂ ಸಾಲದು, ಎರಡು ಬೇಕು. ಯಾಕೆ ಎರಡು, ಮೂರು ಯಾಕಲ್ಲ ಅನ್ನುವುದು ನಿನ್ನಂಥವನಿಗೆ ಖುಷಿ ಕೊಡುವ ವಿಷಯ, ಮುಂದೆ ಹೇಳುತ್ತೇನೆ.

ಬಲ್ಬಿನ ಒಂದು ಸಂಗತಿ ಹೇಳಿ ಮುಂದೆ ಹೋಗೋಣ. ಪಂಪ್ ಮನೆಯಲ್ಲಿ ಮೂರು ಫೇಸಿಗೂ ಒಂದೊಂದು ಬಲ್ಬ್ ಹಾಕಿರುತ್ತಾರಲ್ಲ, ಒಂದು ಬಲ್ಬ್ ಪೂರ್ತಿ ಆರಿದ್ದರೆ ಟಿಸಿಯಿಂದ ಈಚೆಗೆ ಫೇಸ್ ಹೋಗಿದೆ. ಒಂದು ಚೆನ್ನಾಗಿ ಉರಿದು ಉಳಿದೆರಡು ಅರ್ಧಕ್ಕರ್ಧ ಮಂಕಾಗಿದ್ದರೆ ಟಿಸಿಯ ಮೇಲಿನ 11 ಕೆವಿ ಕಡೆ ಒಂದು ಫ್ಯೂಸ್ ಹೋಗಿದೆ. ಎರಡನೆಯದರಲ್ಲಿ ಫೇಸ್‌ನಿಂದ ನ್ಯೂಟ್ರಲ್‌ಗೆ ಒಂದು 240, ಉಳಿದೆರಡು 120ರ ಹತ್ತಿರ ಇರುತ್ತವೆ. ಮೂರರಲ್ಲೂ ವೋಲ್ಟೇಜ್ 'ಇದೆ', ಹಾಗಾಗಿ ಇದೆಯೋ ಇಲ್ಲವೋ ಅಂತ ಮಾತ್ರ ನೋಡುವ ಅಗ್ಗದ ಪ್ರಿವೆಂಟರ್ ಇಲ್ಲೂ ದಾರಿ ತಪ್ಪಬಹುದು. ಮೂರನ್ನೂ ಒಂದಕ್ಕೊಂದು ಹೋಲಿಸಿ ಏರುಪೇರು ನೋಡುವ ಡಬ್ಬ ಬೇಕು ಅನ್ನುವುದು ಇದಕ್ಕೇ.

ನೀರು ಹೋದಾಗ: ಮೂರು ದಾರಿ

ಡ್ರೈ ರನ್ ವಿಷಯದಲ್ಲಿ ಹೊಸಬರಿಗೆ ಒಂದು ಗೊಂದಲ ಇರುತ್ತದೆ. ನೀರಿಲ್ಲದೆ ಓಡಿದರೆ ಮೋಟಾರಿಗೆ ಲೋಡ್ ಕಮ್ಮಿ, ಆಂಪ್ಸ್ ಕಮ್ಮಿ, ಮತ್ತೆ ಸುಡುವುದು ಯಾಕೆ? ಸಬ್‌ಮರ್ಸಿಬಲ್ ತಣ್ಣಗಿರುವುದು ಸುತ್ತ ಹರಿಯುವ ನೀರಿನಿಂದ. ಪಂಪಿನ ಬುಷ್‌ಗಳಿಗೆ ಎಣ್ಣೆಯೂ ಆ ನೀರೇ. ನೀರಿಲ್ಲದಿದ್ದರೆ ಬುಷ್ ಉಜ್ಜಿ, ಇಂಪೆಲ್ಲರ್ ಬಿಸಿಯಾಗಿ ಅಂಟಿಕೊಂಡು ಜಾಮ್ ಆಗುತ್ತದೆ, ಜಾಮ್ ಆದ ಮೇಲೆ ಆಂಪ್ಸ್ ಏರುತ್ತದೆ. ಓವರ್‌ಲೋಡ್ ಟ್ರಿಪ್ ಆಗುವುದು ಆಗ. ಅಷ್ಟೊತ್ತಿಗೆ ಪಂಪಿನ ಕಥೆ ಮುಗಿದಿರುತ್ತದೆ.

ಮೊದಲನೇ ದಾರಿ, ಸೆನ್ಸರ್ ವೈರ್. ಪಂಪಿನ ಸ್ವಲ್ಪ ಮೇಲೆ ಒಂದು ಪ್ರೋಬ್, ಅದಕ್ಕಿಂತ ಮೇಲೆ ಇನ್ನೊಂದು, ಜೊತೆಗೆ ಒಂದು ಕಾಮನ್. ನೀರು ಕೆಳಗಿನ ಪ್ರೋಬ್‌ಗಿಂತ ಇಳಿದರೆ ನಿಲ್ಲುತ್ತದೆ, ಮೇಲಿನದನ್ನು ಮುಟ್ಟಿದರೆ ಮತ್ತೆ ಶುರು. ಇದರ ದೊಡ್ಡ ಗುಣ ಅಂದರೆ ನೀರು ಪಂಪಿಗೆ ಇಳಿಯುವ ಮುಂಚೆಯೇ ನಿಲ್ಲಿಸುತ್ತದೆ, ಒಂದು ಸೆಕೆಂಡೂ ಒಣಗಿ ಓಡುವುದಿಲ್ಲ. ತೆರೆದ ಬಾವಿ, ಸಂಪು, ಆಳ ಕಡಿಮೆ ಇರುವ ಬೋರಿಗೆ ಇದಕ್ಕಿಂತ ಚೆನ್ನಾಗಿರುವುದು ಇಲ್ಲ. ಆದರೆ 480 ಅಡಿ ಬೋರಿನಲ್ಲಿ? ಅಷ್ಟುದ್ದ ವೈರ್ ಪೈಪಿಗೆ ಕಟ್ಟಿ ಇಳಿಸಬೇಕು. ಮೋಟಾರ್ ಎತ್ತುವಾಗ ಒಂದು ಸಲ ಹರಿದರೆ ಮುಗಿಯಿತು. ಗಡಸು ನೀರಿದ್ದರೆ ಪ್ರೋಬ್ ಮೇಲೆ ಸುಣ್ಣದ ಪದರ ಕೂತು ನೀರಿದ್ದರೂ ಇಲ್ಲ ಅನ್ನುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಮ್ಮ ಬೋರ್‌ಗಳಲ್ಲಿ ಮೇಲಿನ ಕಲ್ಲಿನ ಬಿರುಕಿನಿಂದ ಜಿನುಗುವ ನೀರು ಪ್ರೋಬ್ ಮೇಲೇ ಸುರಿಯುತ್ತಿರುತ್ತದೆ. ಕೆಳಗೆ ನೀರಿಲ್ಲ, ಪ್ರೋಬ್ ಒದ್ದೆ. ಡಬ್ಬ ನೀರಿದೆ ಅಂತ ಓಡಿಸುತ್ತಲೇ ಇರುತ್ತದೆ. (ಪ್ರೋಬಿಗೆ ಡಿಸಿ ಕೊಡುವ ಡಬ್ಬ ಇದ್ದರೆ ಅದನ್ನು ಮುಟ್ಟಬೇಡ, ಎಲೆಕ್ಟ್ರೊಲಿಸಿಸ್ ಆಗಿ ಪ್ರೋಬ್ ಸವೆದುಹೋಗುತ್ತದೆ. ಒಳ್ಳೇ ಡಬ್ಬಗಳು ಕಮ್ಮಿ ವೋಲ್ಟಿನ ಎಸಿ ಕೊಡುತ್ತವೆ.)

ಎರಡನೇ ದಾರಿ, ಆಂಪ್ಸ್ ನೋಡುವುದು. ಬೋರಿನೊಳಗೆ ಏನೂ ಇಳಿಸಬೇಕಿಲ್ಲ. ನೀರು ಪೂರ್ತಿ ಬರುತ್ತಿರುವಾಗ ಎಷ್ಟು ಆಂಪ್ಸ್ ಅಂತ ನೋಡಿ, ಅದರ 75 ಪರ್ಸೆಂಟ್‌ಗೆ ನಾಬ್ ಇಡುತ್ತೀವಿ. ಅದಕ್ಕಿಂತ ಇಳಿದು ಕೆಲವು ಸೆಕೆಂಡ್ ಹಾಗೇ ಇದ್ದರೆ ನೀರು ಹೋಯಿತು ಅಂತ ಕಡಿಯುತ್ತದೆ. ಅಗ್ಗ, ಸರಳ, ಬಹಳ ಕಡೆ ಸಾಕು. ನಾನು ಕೂಡಿಸಿದವುಗಳಲ್ಲಿ ಜಾಸ್ತಿ ಇವೇ.

ಆದರೆ ಈ ಹುಡುಗನ ತೋಟದಲ್ಲಿ ಇದು ಕೈಕೊಟ್ಟಿತ್ತು. ಯಾಕೆ ಅಂತ ತಿಳಿಯಲು ಒಂದು ರಾತ್ರಿ ಅವರ ತೋಟಕ್ಕೇ ಹೋಗಿ ಕ್ಲಾಂಪ್ ಮೀಟರ್ ಹಿಡಿದು ಕೂತೆವು. ಅವರ ಅಮ್ಮ ಕೊಟ್ಟ ಅವರೆಕಾಳು ಉಪ್ಪಿಟ್ಟು ಆರುವ ಹೊತ್ತಿಗೆ ಉತ್ತರ ಸಿಕ್ಕಿತು.

ಹಗಲು, 415 ವೋಲ್ಟ್ ಇದ್ದಾಗ, ನೀರು ತುಂಬ ಬರುತ್ತಿದ್ದರೆ 13 ಆಂಪ್ಸ್. ನೀರು ನಿಂತ ಮೇಲೆ 8 ಆಂಪ್ಸ್. ನಾಬ್ ಇಟ್ಟಿದ್ದು 9.75ಕ್ಕೆ, ಅಂದರೆ ಸರಿಯಾಗಿಯೇ ಇತ್ತು, ಹಗಲು ಸರಿಯಾಗಿಯೇ ಟ್ರಿಪ್ ಆಗುತ್ತಿತ್ತು. ಮಧ್ಯರಾತ್ರಿ ಸುತ್ತಲಿನ ಮೋಟಾರ್‌ಗಳೆಲ್ಲ ನಿಂತು ವೋಲ್ಟೇಜ್ 450ಕ್ಕೆ ಏರಿತು. ಆಗ ನೀರು ನಿಂತರೂ ಆಂಪ್ಸ್ 8ಕ್ಕೆ ಇಳಿಯಲಿಲ್ಲ, 9.8ರ ಹತ್ತಿರ ತೂಗಾಡುತ್ತಿತ್ತು. ಡಬ್ಬದ ಲೆಕ್ಕದಲ್ಲಿ ನೀರಿದೆ! ಪೈಪಿನ ಬಾಯಲ್ಲಿ ಬರೀ ಗಾಳಿ ಬುಸ್ ಅನ್ನುತ್ತಿದೆ, ಡಬ್ಬ ಹಸಿರು ದೀಪ ಹಾಕಿಕೊಂಡು ಕೂತಿದೆ.

ಇದು ಯಾಕೆ ಹೀಗೆ? ಮೋಟಾರ್ ಎಳೆಯುವ ಆಂಪ್ಸ್‌ನಲ್ಲಿ ಎರಡು ಪಾಲಿದೆ. ಒಂದು ಪಾಲು ಕೆಲಸ ಮಾಡುವುದಕ್ಕೆ, ನೀರೆತ್ತುವುದಕ್ಕೆ. ಇನ್ನೊಂದು ಪಾಲು ಕಬ್ಬಿಣದಲ್ಲಿ ಆಯಸ್ಕಾಂತ ಹುಟ್ಟಿಸುವುದಕ್ಕೆ. ನೀರು ಹೋದರೆ ಮೊದಲನೆಯದು ಬಿದ್ದುಹೋಗುತ್ತದೆ, ಎರಡನೆಯದು ಹಾಗೇ ಉಳಿಯುತ್ತದೆ. ವೋಲ್ಟೇಜ್ ಏರಿದರೆ ಈ ಎರಡನೆಯದು ಜಾಸ್ತಿ ಆಗುತ್ತದೆ, ಅದೂ ಕಬ್ಬಿಣ ತುಂಬಿಬಂದಾಗ ವೋಲ್ಟೇಜ್ ಸ್ವಲ್ಪ ಏರಿದರೂ ಆಂಪ್ಸ್ ಜೋರಾಗಿ ಏರುತ್ತದೆ. ಆಂಪ್ಸ್ ಒಂದನ್ನೇ ನೋಡುವವನಿಗೆ ಇದು ನೀರಿನ ಆಂಪ್ಸಾ, ಆಯಸ್ಕಾಂತದ ಆಂಪ್ಸಾ ಗೊತ್ತಾಗುವುದಿಲ್ಲ.

ಮೂರನೇ ದಾರಿ ವ್ಯಾಟ್ಸ್ ನೋಡುವುದು. ಡಬ್ಬದ ಮೇಲೆ ಪವರ್ ಫ್ಯಾಕ್ಟರ್ ಅಂತಲೋ ಲೋಡ್ ಸೆನ್ಸಿಂಗ್ ಅಂತಲೋ ಬರೆದಿರುತ್ತಾರೆ. ನಿನ್ನ ಪುಸ್ತಕದಲ್ಲಿರುವ ಅದೇ ಸೂತ್ರ:

P = √3 × V × I × PF

ಅವತ್ತಿನ ಲೆಕ್ಕ ಹಾಕೋಣ. ನೀರಿದ್ದಾಗ 415 ವೋಲ್ಟ್, 13 ಆಂಪ್ಸ್, ಪವರ್ ಫ್ಯಾಕ್ಟರ್ 0.8. ಗುಣಿಸಿದರೆ ಸುಮಾರು 7,475 ವ್ಯಾಟ್. ನೀರಿಲ್ಲದಾಗ 8 ಆಂಪ್ಸ್, ಪವರ್ ಫ್ಯಾಕ್ಟರ್ 0.4, ಸುಮಾರು 2,300 ವ್ಯಾಟ್. ಆಂಪ್ಸ್ ಇಳಿದದ್ದು 38 ಪರ್ಸೆಂಟ್, ವ್ಯಾಟ್ಸ್ ಇಳಿದದ್ದು 69 ಪರ್ಸೆಂಟ್. ಈಗ ರಾತ್ರಿಯದು: 450 ವೋಲ್ಟ್, 9.8 ಆಂಪ್ಸ್, ಪವರ್ ಫ್ಯಾಕ್ಟರ್ 0.32, ಸುಮಾರು 2,440 ವ್ಯಾಟ್. ಆಂಪ್ಸ್ ಎಷ್ಟೇ ಏರಿದರೂ ವ್ಯಾಟ್ಸ್ ಹೆಚ್ಚುಕಮ್ಮಿ ಅಲ್ಲೇ ನಿಂತಿದೆ ನೋಡು. 60 ಪರ್ಸೆಂಟ್‌ಗೆ, ಅಂದರೆ 4,500 ವ್ಯಾಟ್‌ಗೆ ಗೆರೆ ಎಳೆದರೆ ಹಗಲೂ ಸರಿ, ರಾತ್ರಿಯೂ ಸರಿ. ಎರಡೂ ಕಡೆ ಧಾರಾಳ ಜಾಗ ಇದೆ.

ವೋಲ್ಟೇಜ್ ದಿನವಿಡೀ 400ರಿಂದ 425ರ ಒಳಗೇ ಇರುವ ಕಡೆ ಇಷ್ಟೆಲ್ಲ ಬೇಡ, ಆಂಪ್ಸ್ ನೋಡುವ ಡಬ್ಬಕ್ಕೆ ಕೊಟ್ಟ ದುಡ್ಡೇ ಸಾಕು. ಟಿಸಿಯಿಂದ ದೂರ, ಹಗಲು 350, ರಾತ್ರಿ 450 ಅನ್ನುವ ತೋಟಕ್ಕೆ ವ್ಯಾಟ್ಸ್ ನೋಡುವುದೇ ಬೇಕು. ನಿಮ್ಮದು ಯಾವುದು ಅಂತ ತಿಳಿಯಲು ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಮಧ್ಯರಾತ್ರಿ ಮೀಟರ್ ಹಿಡಿದು ಬರೆದಿಟ್ಟುಕೋ. ಅಂಗಡಿಯವನಿಗಿಂತ ನಿನಗೇ ಚೆನ್ನಾಗಿ ಗೊತ್ತಾಗುತ್ತದೆ.

ಒಂದು ತಪ್ಪು ಟ್ರಿಪ್ ಬಗ್ಗೆ ಹೇಳಿಬಿಡುತ್ತೇನೆ. ಡ್ರಿಪ್ ಫಿಲ್ಟರ್ ಕಟ್ಟಿಕೊಂಡರೆ ಅಥವಾ ಗೇಟ್ ವಾಲ್ವ್ ಯಾರೋ ಮುಚ್ಚಿದ್ದರೆ ಪಂಪಿನಿಂದ ನೀರು ಹೋಗುವುದಿಲ್ಲ, ಲೋಡ್ ಇಳಿಯುತ್ತದೆ, ಡಬ್ಬ ಡ್ರೈ ರನ್ ಅಂತ ತೋರಿಸುತ್ತದೆ. ಬೋರಲ್ಲಿ ನೀರು ತುಂಬಿದೆ, ಡಬ್ಬ ಕೆಟ್ಟಿದೆ ಅಂತ ನನ್ನ ಹತ್ತಿರ ತಂದವರಿದ್ದಾರೆ. ಡಬ್ಬ ಬಿಚ್ಚುವ ಮುಂಚೆ ಫಿಲ್ಟರ್ ಬಿಚ್ಚಿ ತೊಳಿ.

ಎರಡೇ ಬಳೆ ಯಾಕೆ

ಈಗ ಎಲೆಕ್ಟ್ರಾನಿಕ್ಸ್ ಓದುವವನಿಗೆ ಅಂತ ಉಳಿಸಿಟ್ಟ ಭಾಗ. ಬೋರ್‌ವೆಲ್ ಮೋಟಾರಿಗೆ ಮೂರೇ ವೈರ್ ಹೋಗುತ್ತವೆ, ನ್ಯೂಟ್ರಲ್ ಇಲ್ಲ. ಹೋದ ಕರೆಂಟ್ ಆ ಮೂರರಲ್ಲೇ ವಾಪಸ್ ಬರಬೇಕು. ಹಾಗಾಗಿ ಯಾವ ಕ್ಷಣ ನೋಡಿದರೂ ಮೂರನ್ನೂ ಕೂಡಿದರೆ ಸೊನ್ನೆ. ಆರ್ ಮತ್ತು ಬಿ ಗೊತ್ತಿದ್ದರೆ ವೈ ಎಷ್ಟು ಅಂತ ಲೆಕ್ಕದಿಂದಲೇ ಸಿಗುತ್ತದೆ. ಬಿ ಫೇಸ್ ಹೋದರೆ ಬಿ ಬಳೆಯಲ್ಲಿ ಸೊನ್ನೆ. ವೈ ಹೋದರೆ ಆರ್‌ನಲ್ಲಿ ಹೋದದ್ದೇ ಬಿನಲ್ಲಿ ತಿರುಗಿ ಬರುತ್ತದೆ, ಎರಡೂ ಒಂದೇ ಅಳತೆ, ದಿಕ್ಕು ಮಾತ್ರ ಉಲ್ಟಾ. ಒಂದು ಬಳೆ ಉಳಿಯಿತು. ಪವರ್ ಅಳೆಯಲೂ ಎರಡೇ ಸಾಕು, ವೈ ಫೇಸನ್ನು ನೆಲ ಅಂತ ಹಿಡಿದು:

P = avg(vRY × iR + vBY × iB)

ಕ್ಷಣಕ್ಷಣದ ವೋಲ್ಟೇಜ್ ಮತ್ತು ಆಂಪ್ಸ್ ಗುಣಿಸಿ ಸರಾಸರಿ ತೆಗೆದರೆ ಪವರ್ ಫ್ಯಾಕ್ಟರ್ ತಾನಾಗೇ ಒಳಗೆ ಸೇರಿಕೊಂಡಿರುತ್ತದೆ, ಅದನ್ನು ಬೇರೆ ಅಳೆಯಬೇಕಿಲ್ಲ.

ಮನೆಯಲ್ಲಿ ಮಾಡಿ ನೋಡಬೇಕು ಅಂದರೆ 1000ಕ್ಕೆ 1ರ ಸಿಟಿ ತಗೋ. 13 ಆಂಪ್ಸ್ ಹೋದರೆ ಆಚೆ ಕಡೆ 13 ಮಿಲಿಆಂಪ್ಸ್ ಬರುತ್ತದೆ. ಅದಕ್ಕೆ 68 ಓಮ್ ರೆಸಿಸ್ಟರ್ ಹಾಕಿದರೆ ಸುಮಾರು 0.88 ವೋಲ್ಟ್, ತುದಿಯಿಂದ ಮಧ್ಯಕ್ಕೆ 1.25. ಇದನ್ನು 1.65 ವೋಲ್ಟ್ ಮೇಲೆ ಎತ್ತಿ ಕೂರಿಸಿದರೆ 3.3 ವೋಲ್ಟಿನ ಎಡಿಸಿಗೆ ಹಿಡಿಸುತ್ತದೆ. ಸ್ಟಾರ್ಟ್ ಆಗುವಾಗ ಆರು ಪಟ್ಟು ಬರುತ್ತದೆ, ಆಗ ಎಡಿಸಿ ಪಿನ್ನಿಗೆ ಏಟು ಬೀಳದ ಹಾಗೆ ಕ್ಲಾಂಪ್ ಡಯೋಡ್ ಹಾಕು. ಆ ಹೊತ್ತಿನ ಓದು ಹೇಗೂ ಬೇಕಿಲ್ಲ, ಡ್ರೈ ರನ್ ಲೆಕ್ಕವನ್ನು ಸ್ಟಾರ್ಟ್ ಆದ 10 ಸೆಕೆಂಡ್ ನಂತರವೇ ಶುರು ಮಾಡಬೇಕು. ತೀರ್ಮಾನದ ಭಾಗ ಇಷ್ಟೇ, ಸೆಕೆಂಡಿಗೊಂದು ಸಲ ಓಡುತ್ತದೆ, Pfull ಅಂದರೆ ನೀರು ಪೂರ್ತಿ ಬರುವಾಗಿನ ವ್ಯಾಟ್ಸ್:

```c
if (P < 0.6 * Pfull) dry++;
else dry = 0;
if (dry >= 8) relayOff();
```

ಎಂಟು ಸೆಕೆಂಡ್ ಕಾಯುವುದು ಯಾಕೆಂದರೆ ನೀರು ಕಮ್ಮಿಯಾದಾಗ ಒಂದು ಗುಟುಕು ನೀರು, ಒಂದು ಗುಟುಕು ಗಾಳಿ ಅಂತ ಬರುತ್ತದೆ, ಮುಳ್ಳು ಕುಣಿಯುತ್ತದೆ. ಒಂದೇ ಕುಣಿತಕ್ಕೆ ಕಡಿದರೆ ದಿನವಿಡೀ ಆನ್ ಆಫ್ ಆಗುತ್ತಿರುತ್ತದೆ. ಹಾಗಂತ ಒಂದು ನಿಮಿಷ ಕಾಯಿಸಿದರೆ ಬುಷ್ ಕಾಯುವುದಿಲ್ಲ.

ಎರಡು ಎಚ್ಚರಿಕೆ. ಸಿಟಿಯೊಳಗೆ ಕರೆಂಟ್ ಹರಿಯುವಾಗ ಅದರ ಎರಡು ತುದಿ ಬಿಟ್ಟುಬಿಡಬೇಡ, ರೆಸಿಸ್ಟರ್ ಇಲ್ಲದಿದ್ದರೆ ಅಲ್ಲಿ ವೋಲ್ಟೇಜ್ ಅಪಾಯಕ್ಕೆ ಏರುತ್ತದೆ. ಮತ್ತೆ ಕೆಂಪು ಬಟನ್ ಒತ್ತಿದ ಮಾತ್ರಕ್ಕೆ ಡಬ್ಬ ಸತ್ತಿದೆ ಅಂದುಕೊಳ್ಳಬೇಡ, ಕಾಂಟ್ಯಾಕ್ಟರಿನ ಮೇಲ್ಗಡೆ 415 ವೋಲ್ಟ್ ಹಾಗೇ ಇರುತ್ತದೆ. ಮೇನ್ ಸ್ವಿಚ್ ಎಳೆದು, ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ, ಆಮೇಲೆ ಕೈ ಹಾಕು. ನೀನು ಮಾಡಿದ ಬೋರ್ಡನ್ನು ಅಪ್ಪನ ಮೋಟಾರಿಗೆ ನೇರ ಕೂಡಿಸಬೇಡ. ಒಂದು ಹಂಗಾಮು ಅಂಗಡಿಯ ಡಬ್ಬದ ಪಕ್ಕದಲ್ಲಿ ಬರೀ ದೀಪ ಉರಿಸುತ್ತಾ ಇರಲಿ, ಎರಡರ ಮಾತು ಒಂದೇ ಇದೆಯಾ ನೋಡು.

ಕೊನೆಗೆ ಏನು ಕೂಡಿಸಿದೆವು

ಅವರದು 7.5 ಎಚ್‌ಪಿ, 480 ಅಡಿ, ಬೇಸಿಗೆಯಲ್ಲಿ ಒಂದೂವರೆ ಗಂಟೆ ಓಡಿದರೆ ನೀರು ನಿಲ್ಲುತ್ತದೆ. ಹಳೇ ಡಿಓಎಲ್ ಉಳಿಸಿಕೊಂಡು ಪಾಯಿಂಟ್ ಸೆಟ್ ಮಾತ್ರ ಬದಲಾಯಿಸಿದೆವು. ಓವರ್‌ಲೋಡ್ ತಿರುಪನ್ನು 18ರಿಂದ 13ಕ್ಕೆ ತಂದೆವು. ಅದರ ಪಕ್ಕದಲ್ಲಿ ಎರಡು ಸಿಟಿ ಇರುವ, ವೋಲ್ಟೇಜ್ ಏರುಪೇರೂ ನೋಡುವ, ವ್ಯಾಟ್ಸ್ ಲೆಕ್ಕದಲ್ಲಿ ಡ್ರೈ ರನ್ ಹಿಡಿಯುವ ಗಾರ್ಡ್. ಮೊಬೈಲ್ ಸ್ಟಾರ್ಟರ್ ಬೇಕು ಅಂತ ಅವನಿಗೆ ಬಹಳ ಆಸೆ ಇತ್ತು. ತೋಟ ಮನೆಯಿಂದ ಕೂಗಳತೆ ದೂರ, ಪಂಪ್ ಮನೆಯಲ್ಲಿ ಸಿಗ್ನಲ್ ಒಂದು ಕಡ್ಡಿ. ಬೇಡ ಅಂದೆ. ತೋಟ ನಾಲ್ಕು ಕಿಲೋಮೀಟರ್ ದೂರ ಇದ್ದಿದ್ದರೆ ನಾನೇ ತಗೋ ಅನ್ನುತ್ತಿದ್ದೆ, ಯಾಕೆ ನಿಂತಿತು ಅಂತ ಮೆಸೇಜ್ ಬರುವುದೇ ದೊಡ್ಡ ಅನುಕೂಲ.

ಆಟೋ ಸ್ಟಾರ್ಟ್ ಇದ್ದ ಮೇಲೆ ಡ್ರೈ ರನ್ ಆಗಿ ನಿಂತ ಮೋಟಾರ್ ಮತ್ತೆ ಎಷ್ಟು ಹೊತ್ತಿಗೆ ಎಳೆಯಬೇಕು ಅನ್ನುವುದು ಉಳಿಯಿತು. ಡಬ್ಬ ಬರುವಾಗ 30 ನಿಮಿಷಕ್ಕೆ ಇಟ್ಟಿತ್ತು. 30 ನಿಮಿಷ ಬಿಟ್ಟು ಓಡಿಸಿದರೆ 11 ನಿಮಿಷಕ್ಕೇ ನೀರು ನಿಂತಿತು. ಒಂದು ಗಂಟೆ ಬಿಟ್ಟರೆ 24 ನಿಮಿಷ ಓಡಿತು. ಎರಡು ಗಂಟೆ ಬಿಟ್ಟರೆ 50 ನಿಮಿಷ. ಎರಡಕ್ಕೇ ಇಟ್ಟೆವು. ನೀರು ಅಷ್ಟೇ ಸಿಗುವುದಾದರೆ ಪದೇ ಪದೇ ಸ್ಟಾರ್ಟ್ ಮಾಡಿ ಪ್ರತಿ ಸಲ ಆರು ಪಟ್ಟು ಆಂಪ್ಸ್ ಎಳೆಸುವುದು ಯಾಕೆ?

ಡಬ್ಬದ ಮೇಲೆ '2 ಫೇಸ್ / 3 ಫೇಸ್' ಅಂತ ಒಂದು ಸಣ್ಣ ಸ್ವಿಚ್ ಇದೆ. ಎರಡೇ ಫೇಸ್ ಇರುವ ಹೊತ್ತಲ್ಲಿ ಕಪಾಸಿಟರ್ ಹಾಕಿ ಓಡಿಸುವವರಿಗೆ ಅಂತ ಇಟ್ಟಿರುವುದು. ಅದನ್ನು 2ಕ್ಕೆ ತಳ್ಳಿದರೆ ಪ್ರಿವೆಂಟರ್ ನಿದ್ದೆ ಹೋಗುತ್ತದೆ, ಮತ್ತೆ 3ಕ್ಕೆ ತರಲು ಎಲ್ಲರೂ ಮರೆಯುತ್ತಾರೆ. ಮೊದಲ ಮೋಟಾರ್ ಸುಟ್ಟ ರಾತ್ರಿ ಹಳೇ ಡಬ್ಬದಲ್ಲಿ ಆ ಸ್ವಿಚ್ ಎಲ್ಲಿತ್ತು ಅಂತ ಕೇಳಿದ್ದಕ್ಕೆ ಅವರಪ್ಪ ಆಕಾಶ ನೋಡಿದರು. ಹುಡುಗ ಏನೂ ಅನ್ನಲಿಲ್ಲ. ಹೋದ ವಾರ ನಾನು ಅತ್ತ ಕಡೆ ಹೋದಾಗ ನೋಡಿದೆ, ಸ್ವಿಚ್ಚನ್ನು 3ಕ್ಕೆ ತಳ್ಳಿ ಅದರ ಮೇಲೆ ಇನ್ಸುಲೇಷನ್ ಟೇಪ್ ನಾಲ್ಕು ಸುತ್ತು ಸುತ್ತಿದ್ದಾನೆ. ಡಬ್ಬದ ಮುಚ್ಚಳದ ಒಳಗಡೆ ಪೆನ್ಸಿಲಲ್ಲಿ '415 – 13 – 7475' ಅಂತ ಬರೆದಿಟ್ಟಿದ್ದಾನೆ.